ಒಂದು ದೃಶ್ಯ, ಮೂರು ಶಾಟ್ ಪಟ್ಟಿ: ನಾಲ್ಕು ಜನರ ತಂಡಕ್ಕೆ ಯಾವ ದಾರಿ?

ಮೊದಲು ದೃಶ್ಯ ಓದಿಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ದೃಶ್ಯ 7. ಒಳಗೆ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿ. ಬೆಳಿಗ್ಗೆ.

ರುದ್ರಪ್ಪ ಒಲೆಯ ಮುಂದೆ ನಿಂತು ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಾನೆ. 20 ವರ್ಷದ ದಣಿವು ಅವನ ಬೆನ್ನಲ್ಲಿ ಕೂತಿದೆ. ಮಗಳು ಸವಿತಾ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕೈಯಲ್ಲಿ ಒಡೆದ ಲಕೋಟೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಸವಿತಾ: ಅಪ್ಪಾ, ಬ್ಯಾಂಕಿಂದ ಕಾಗ್ದ ಬಂದೈತಿ.

ರುದ್ರಪ್ಪ (ತಿರುಗದೆ): ಅಲ್ಲೇ ಇಡವ್ವ.

ಅವಳು ಒಳಗೆ ಬಂದು ಎಡಗೋಡೆಯ ಚೀಲಗಳ ಪಕ್ಕ ನಿಲ್ಲುತ್ತಾಳೆ. ಲಕೋಟೆ ಇಡುವುದಿಲ್ಲ.

ಸವಿತಾ: ಸಾಲ ಎರಡು ಲಕ್ಷ ಅಂದಿದ್ದಿ. ಇದ್ರಾಗ ನಾಕು ಐತಿ.

ರುದ್ರಪ್ಪನ ಕೈ ನಿಲ್ಲುತ್ತದೆ. ಬಾಣಲೆಯಲ್ಲಿ ಅಕ್ಕಿ ಕಂದುತ್ತದೆ.

ರುದ್ರಪ್ಪ: ಎರಡು ಭಟ್ಟಿಗೆ. (ತಡೆದು) ಎರಡು ನಿನ್ನ ಓದಿಗೆ.

ಸವಿತಾ ಚೀಲದ ಮೇಲೆ ಕೂರುತ್ತಾಳೆ. ಅವನು ಕಂದಿದ್ದನ್ನು ಬಾಚಿ ಪಕ್ಕಕ್ಕೆ ಹಾಕಿ ಹೊಸ ಅಕ್ಕಿ ಸುರಿಯುತ್ತಾನೆ. ಸ್ವಲ್ಪ ಹೊತ್ತು ಮಾತಿಲ್ಲ. ಅವಳು ಜರಡಿ ಎಳೆದುಕೊಂಡು ಹುರಿದ ಮಂಡಕ್ಕಿಯನ್ನು ಜರಡಿ ಹಿಡಿಯುತ್ತಾಳೆ.

ಮಾತು ಕಡಿಮೆ, ಕೆಲಸ ಹೆಚ್ಚು. ಗಡಿಯಾರ ಹಿಡಿದು, ಮೌನಗಳನ್ನೂ ಸೇರಿಸಿ ಓದಿದರೆ ಸುಮಾರು ಒಂದೂವರೆ ನಿಮಿಷ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವನ್ನು ಇಂಥ ದೃಶ್ಯಕ್ಕೆ ನಂಬಬೇಡಿ. "ಸ್ವಲ್ಪ ಹೊತ್ತು ಮಾತಿಲ್ಲ" ಎಂಬ ಎರಡು ಇಂಚಿನ ಸಾಲು ತೆರೆಯ ಮೇಲೆ 20 ಸೆಕೆಂಡು ತೆಗೆದುಕೊಳ್ಳಬಹುದು.

ತಂಡದಲ್ಲಿ ನಾಲ್ಕು ಜನ: ನಿರ್ದೇಶಕಿ, ಕ್ಯಾಮೆರಾ ಹಿಡಿಯುವವನು, ಸೌಂಡ್ ನೋಡುವವನು, ಮತ್ತೆ ಕ್ಲ್ಯಾಪ್, ಕಂಟಿನ್ಯುಟಿ, ಊಟ ಮೂರನ್ನೂ ನೋಡಿಕೊಳ್ಳುವ ಒಬ್ಬ ಸಹಾಯಕ. ಫೋಕಸ್ ಎಳೆಯಲು ಪ್ರತ್ಯೇಕ ಜನ ಇಲ್ಲ. ಒಂದು ಕ್ಯಾಮೆರಾ, 24, 35, 50 ಎಂಎಂನ, ಜೂಮ್ ಇಲ್ಲದ ಮೂರು ಬ್ಲಾಕ್ ಲೆನ್ಸ್, ಒಂದು ಟ್ರೈಪಾಡ್, ಬಾಡಿಗೆಗೆ ಬೇಕಾದರೆ ಒಂದು ಗಿಂಬಲ್. ಭಟ್ಟಿಯ ಮಾಲೀಕರು ಬೆಳಿಗ್ಗೆ ನಾಲ್ಕು ಗಂಟೆ ಕೊಟ್ಟಿದ್ದಾರೆ ಎಂದುಕೊಳ್ಳಿ.

ಈ ದೃಶ್ಯವನ್ನು ಶಾಟ್‌ಗಳಾಗಿ ಒಡೆಯಲು ಮೂರು ದಾರಿಗಳಿವೆ. ಒಂದು, ಇಡೀ ದೃಶ್ಯವನ್ನು ದೂರದಿಂದ ಮಾಸ್ಟರ್ ಆಗಿ ತೆಗೆದು, ಆಮೇಲೆ ಅದನ್ನೇ ಹತ್ತಿರದಿಂದ ಮತ್ತೆ ಮತ್ತೆ ತೆಗೆಯುವುದು. ಎರಡು, ಕಥೆ ತಿರುಗುವ ಜಾಗಗಳನ್ನು ಗುರುತಿಸಿ, ಪ್ರತಿ ತುಂಡಿಗೂ ಬೇಕಾದ ಶಾಟ್ ಮಾತ್ರ ತೆಗೆಯುವುದು. ಮೂರು, ಎಲ್ಲವನ್ನೂ ಒಂದೇ ಟೇಕಿನಲ್ಲಿ, ಕ್ಯಾಮೆರಾ ಓಡಾಡಿಸುತ್ತ ಮುಗಿಸುವುದು. ಈ ದೃಶ್ಯಕ್ಕೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದೆರಡು ದಾರಿಗಳು ಯಾವಾಗ ಗೆಲ್ಲುತ್ತವೆ ಎಂಬುದನ್ನೂ ಹೇಳುತ್ತೇನೆ.

ಪಟ್ಟಿಗೆ ಮುಂಚೆ ಪೆನ್ಸಿಲ್

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಸ್ಕ್ರಿಪ್ಟಿನ ಪ್ರತಿ ವಾಕ್ಯದ ಮುಂದೆ ಗುರುತು ಹಾಕಿ: ಇದು ಕಾಣುತ್ತದೆಯೇ, ಕೇಳುತ್ತದೆಯೇ, ಅಥವಾ ಎರಡೂ ಇಲ್ಲವೇ? ವಿವರವಾದ ಸ್ಕ್ರಿಪ್ಟಿನಲ್ಲಿ ಮೂರನೆಯ ಬಗೆಯ ವಾಕ್ಯಗಳೇ ತೊಂದರೆ ಕೊಡುವುದು. "ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ" ಎನ್ನುವುದಕ್ಕೆ ಶಾಟ್ ಇಲ್ಲ. ಅದು ನಟಿಗೆ ಹೇಳುವ ಮಾತು, ಹೆಚ್ಚೆಂದರೆ ಮೇಕಪ್ಪಿಗೆ. ಅದನ್ನು ಪಟ್ಟಿಯಿಂದ ಹೊಡೆದುಹಾಕಿ. "20 ವರ್ಷದ ದಣಿವು ಬೆನ್ನಲ್ಲಿ" ಎನ್ನುವುದು ಹಾಗಲ್ಲ. ಅದು ಮೇಲ್ನೋಟಕ್ಕೆ ವರ್ಣನೆಯಂತೆ ಕಂಡರೂ ಒಂದು ಆಂಗಲ್ ಕೇಳುತ್ತಿದೆ: ಹಿಂದಿನಿಂದ ನೋಡಿ, ಮುಖ ತೋರಿಸಬೇಡಿ. ಬರೆದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಕ್ಯಾಮೆರಾವನ್ನು ಬಾಗಿಲ ಕಡೆ ಇಟ್ಟಾಗಿದೆ.

ಆಮೇಲೆ ದೃಶ್ಯ ತಿರುಗುವ ಸಾಲುಗಳನ್ನು ಹುಡುಕಿ. ಒಬ್ಬರಿಗೆ ಹೊಸದೇನೋ ಗೊತ್ತಾಗುವ, ಅಥವಾ ಒಬ್ಬರು ಮಾಡುತ್ತಿದ್ದುದನ್ನು ನಿಲ್ಲಿಸುವ ಜಾಗ ಅದು. ಇಲ್ಲಿ ಅಂಥವು ಮೂರು. ಅಪ್ಪನ ಕೈ ನಿಲ್ಲುವುದು, "ಎರಡು ನಿನ್ನ ಓದಿಗೆ" ಎನ್ನುವುದು, ಮಗಳು ಜರಡಿ ಎತ್ತಿಕೊಳ್ಳುವುದು. ದೊಡ್ಡದು ಮೊದಲನೆಯದು. ಅಲ್ಲಿಯವರೆಗೆ ಅವನು ತಿರುಗಿಲ್ಲ, ನಾವೂ ಅವನ ಮುಖ ಸರಿಯಾಗಿ ನೋಡಬೇಕಾಗಿಲ್ಲ. ಹಾಗಾದರೆ "ನಾಕು ಐತಿ" ಎನ್ನುವವರೆಗೆ ಕ್ಯಾಮೆರಾ ಬಾಗಿಲ ಕಡೆಯ ಅರ್ಧದಲ್ಲೇ ಇರಲಿ, ಆ ಮಾತಾದ ಮೇಲೆ ಒಲೆಯ ಕಡೆಗೆ ಹೋಗಲಿ. ಈ ಒಂದು ತೀರ್ಮಾನವಾದರೆ ಪಟ್ಟಿಯ ಅರ್ಧ ಕೆಲಸ ಮುಗಿಯುತ್ತದೆ. ಯಾವ ಶಾಟ್ ಯಾವ ಸೈಜು ಎನ್ನುವುದು ಇದರ ಹಿಂದೆ ಬರುವ ಪ್ರಶ್ನೆ.

ಮೂರನೆಯದು ನೆಲದ ನಕ್ಷೆ. ಬಾಗಿಲಿಂದ ಒಳಗೆ ಬಂದರೆ ಎದುರುಗೋಡೆಗೆ ಒಲೆ, ಎಡಗೋಡೆಗೆ ಚೀಲಗಳು, ಬಲಗಡೆ ಖಾಲಿ. ಅಪ್ಪ ಒಲೆಗೆ ಮುಖ ಮಾಡಿ ನಿಂತಿದ್ದಾನೆ. ಮಗಳು ಅವನ ಹಿಂದೆ, ಎಡಕ್ಕೆ. ಇಬ್ಬರ ನಡುವೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಆ ಗೆರೆಯ ಬಲಗಡೆ ಮಾತ್ರ ಇರಬೇಕು. ಆಗ ಎಲ್ಲ ಫ್ರೇಮಿನಲ್ಲೂ ಮಗಳು ಎಡಕ್ಕೆ, ಅಪ್ಪ ಬಲಕ್ಕೆ. ಇಬ್ಬರೂ ಫ್ರೇಮಿನ ಬಲಕ್ಕೇ ನೋಡುತ್ತಿರುತ್ತಾರೆ: ಅವಳು ಅವನ ಬೆನ್ನನ್ನು, ಅವನು ಬೆಂಕಿಯನ್ನು. ಕಣ್ಣು ಕೂಡುವುದಿಲ್ಲ. ದೃಶ್ಯಕ್ಕೆ ಬೇಕಿರುವುದೂ ಅದೇ.

ಮಾಸ್ಟರ್ ದಾರಿ ಇಲ್ಲಿ ಏಕೆ ಸೋಲುತ್ತದೆ

ಮೊದಲ ದಾರಿಯ ಪಟ್ಟಿ ಬರೆಯುವುದು ಸುಲಭ: 24ರಲ್ಲಿ ಇಡೀ ದೃಶ್ಯದ ಲಾಂಗ್ ಶಾಟ್, ಅಪ್ಪನ ಹೆಗಲ ಮೇಲಿಂದ ಮಗಳ ಸಜೆಷನ್, ಮಗಳ ಹೆಗಲ ಮೇಲಿಂದ ಅಪ್ಪನ ಸಜೆಷನ್, ಇಬ್ಬರದೂ ಒಂದೊಂದು ಕ್ಲೋಸಪ್, ಬಾಣಲೆಯದೊಂದು ಇನ್ಸರ್ಟ್, ಲಕೋಟೆಯದೊಂದು ಇನ್ಸರ್ಟ್. ಏಳು ಸೆಟಪ್. ಎಡಿಟಿಂಗ್ ಟೇಬಲ್ ಮೇಲೆ ಯಾವ ಮಾತಿಗೆ ಬೇಕಾದರೂ ಯಾವ ಮುಖಕ್ಕೆ ಬೇಕಾದರೂ ಹೋಗಬಹುದು. ಸಂಭಾಷಣೆ ಮುಖ್ಯವಾದ, ಜನ ಕೂತೇ ಇರುವ ದೃಶ್ಯಕ್ಕೆ ಇದಕ್ಕಿಂತ ಭದ್ರವಾದ ದಾರಿ ಇಲ್ಲ.

ಭಟ್ಟಿಯಲ್ಲಿ ಇದನ್ನು ಕೆಡಿಸುವುದು ಅಕ್ಕಿ. ಬಿಸಿ ಮರಳಿಗೆ ಬಿದ್ದ ಅಕ್ಕಿ ಕೆಲವೇ ಸೆಕೆಂಡುಗಳಲ್ಲಿ ಅರಳುತ್ತದೆ. ಒಂದೂವರೆ ನಿಮಿಷದ ದೃಶ್ಯ ಪೂರ್ತಿ ಓಡಬೇಕಾದರೆ ಅಪ್ಪ ನಾಲ್ಕೈದು ಸಲ ಅಕ್ಕಿ ಸುರಿದು, ಹುರಿದು, ಬಾಚಬೇಕು. ಮಾಸ್ಟರ್, ಎರಡು ಸಜೆಷನ್, ಎರಡು ಕ್ಲೋಸಪ್ ಸೇರಿ ಐದು ಸೆಟಪ್. ಒಂದೊಂದಕ್ಕೂ ಮೂರು ಟೇಕ್ ಎಂದರೆ 15 ಸಲ ಇಡೀ ದೃಶ್ಯ, ಹತ್ತಿರಹತ್ತಿರ 75 ಸಲ ಅಕ್ಕಿ. ಖರ್ಚಿನ ಮಾತು ಬಿಡಿ. "ಬ್ಯಾಂಕಿಂದ ಕಾಗ್ದ" ಎನ್ನುವಾಗ ಮಾಸ್ಟರ್‌ನಲ್ಲಿ ಬಾಣಲೆ ತುಂಬ ಬಿಳಿ ಮಂಡಕ್ಕಿ, ಕ್ಲೋಸಪ್‌ನಲ್ಲಿ ಬರಿ ಕಪ್ಪು ಮರಳು, ಹಾಗಾಗುತ್ತದೆ. ಎರಡನ್ನೂ ಜೋಡಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಎಡಿಟಿಂಗ್‌ನಲ್ಲಿ ಸಿಗಬೇಕಾಗಿದ್ದ ಸ್ವಾತಂತ್ರ್ಯ ಹೆಸರಿಗೆ ಮಾತ್ರ ಉಳಿಯುತ್ತದೆ.

ಹೊತ್ತಿನ ಲೆಕ್ಕವೂ ಇದೆ. ನಾಲ್ಕು ಜನರ ತಂಡ ಕ್ಯಾಮೆರಾ ಜಾಗ ಬದಲಿಸಿ, ಬೆಳಕು ಸರಿಮಾಡಿ, ಒಮ್ಮೆ ರಿಹರ್ಸಲ್ ಮಾಡಿ, ಮೂರು ಟೇಕ್ ಮುಗಿಸಲು ಅರ್ಧ ಗಂಟೆ ಇಟ್ಟುಕೊಳ್ಳಿ. ಏಳು ಸೆಟಪ್ ಎಂದರೆ ಮೂರೂವರೆ ಗಂಟೆ. ಕೊಟ್ಟಿರುವುದು ನಾಲ್ಕು ಗಂಟೆ, ಅದರಲ್ಲಿ ಸಾಮಾನು ಇಳಿಸಿ ಏರಿಸುವುದೂ ಸೇರಿದೆ. ಹಾಗಾಗಿ ಪಟ್ಟಿ ನೋಡುವಾಗ ಶಾಟ್‌ಗಳನ್ನು ಎಣಿಸಬೇಡಿ, ಸೆಟಪ್‌ಗಳನ್ನು ಎಣಿಸಿ. ಒಂದೇ ಜಾಗದಿಂದ ಮೂರು ಶಾಟ್ ತೆಗೆದರೆ ಅರ್ಧ ಗಂಟೆಗೆ ಹತ್ತು ಹತ್ತು ನಿಮಿಷ ಸೇರುತ್ತದೆ, ಅಷ್ಟೆ. ಬೆಳಕಿನ ದಿಕ್ಕೇ ಬದಲಾಗುವ ಹಾಗೆ ಕ್ಯಾಮೆರಾ ತಿರುಗಿಸಿದರೆ ಒಂದೇ ಶಾಟ್‌ಗೆ ಮುಕ್ಕಾಲು ಗಂಟೆ ಹೋಗಬಹುದು.

ತಿರುವು ಹಿಡಿದು ಮಾಡಿದ ಪಟ್ಟಿ

ಎರಡನೆಯ ದಾರಿಯಲ್ಲಿ ಅದೇ ದೃಶ್ಯ ಐದು ಶಾಟ್ ಆಗುತ್ತದೆ. ನಮ್ಮ ಕಡೆ ಕ್ಲ್ಯಾಪಿನಲ್ಲಿ ಬರೆಯುವ ಹಾಗೆ ದೃಶ್ಯದ ನಂಬರ್, ಶಾಟಿನ ನಂಬರ್ ಹಾಕಿ ಬರೆದಿದ್ದೇನೆ.

7/1. ಲಾಂಗ್ ಶಾಟ್, 35ರ ಲೆನ್ಸ್, ಟ್ರೈಪಾಡ್. ಬಾಗಿಲ ಒಳಗೆ, ಬಲಕ್ಕೆ. ಕ್ಯಾಮೆರಾ ಎತ್ತರ ಐದಡಿ, ಅಂದರೆ ಮಗಳ ಕಣ್ಣಿನ ಮಟ್ಟ. ಬೆಂಕಿಯ ಎದುರು ಅಪ್ಪನ ಬೆನ್ನು. ಮಗಳು ಎಡದಿಂದ ಫ್ರೇಮಿಗೆ ಎಂಟ್ರಿ, ಚೀಲದವರೆಗೆ ನಡೆಯುವಾಗ ಸಣ್ಣ ಪ್ಯಾನ್. ದೃಶ್ಯದ ಆರಂಭದಿಂದ "ಇಡವ್ವ" ಆಗಿ ಅವಳು ನಿಲ್ಲುವವರೆಗೆ.

7/2. ಮಗಳ ಮಿಡ್ ಕ್ಲೋಸ್, 50, ಟ್ರೈಪಾಡ್. ಬಲಗೋಡೆಯಿಂದ, ಅವಳ ಕಣ್ಣಿನ ಮಟ್ಟ. ಅವಳ ನಡಿಗೆಯ ಕೊನೆಯ ಹೆಜ್ಜೆಯಿಂದ ಶುರು, "ನಾಕು ಐತಿ" ಆದ ಮೇಲೂ ನಿಲ್ಲಿಸದೆ ಅಪ್ಪನ ಉತ್ತರ ಪೂರ್ತಿ ಕೇಳಿ, ಅವಳು ಕೂರಲು ಬಗ್ಗುವವರೆಗೆ.

7/3. ಬಾಣಲೆಯ ಇನ್ಸರ್ಟ್, 50, ಹೈ ಆಂಗಲ್. ಕೈ ಆಡುತ್ತಿದೆ, ನಿಲ್ಲುತ್ತದೆ, ಅಕ್ಕಿ ಕಂದುತ್ತದೆ.

7/4. ಅಪ್ಪನ ಮಿಡ್ ಕ್ಲೋಸ್, 50, ಟ್ರೈಪಾಡ್. ಒಲೆಯ ಬಲಗಡೆಯಿಂದ, ಎತ್ತರ ನಾಲ್ಕೂವರೆ ಅಡಿ, ಅವನ ಕಣ್ಣಿಗಿಂತ ಒಂದಿಷ್ಟು ಕೆಳಗೆ. ಹಿಂದೆ ಎಡಕ್ಕೆ ಮಗಳು ಮಸುಕಾಗಿ. "ಸಾಲ ಎರಡು ಲಕ್ಷ" ಎಂಬಲ್ಲಿಂದ ಅವನು ಹೊಸ ಅಕ್ಕಿಗೆ ಕೈ ಹಾಕುವವರೆಗೆ.

7/5. ಇಬ್ಬರ ಮಿಡ್ ಲಾಂಗ್, 35, ಟ್ರೈಪಾಡ್. 7/1ರದೇ ಜಾಗ, ಎತ್ತರ ಮಾತ್ರ ಎರಡೂವರೆ ಅಡಿಗೆ ಇಳಿದು, ಒಂದೆರಡು ಹೆಜ್ಜೆ ಮುಂದೆ. ಅವಳು ಕೂರುವುದರಿಂದ ಜರಡಿ ಹಿಡಿಯುವವರೆಗೆ. ಚಲನೆ ಇಲ್ಲ.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಸೈಜಿಗಿಂತ "ಎಲ್ಲಿಂದ ಎಲ್ಲಿಯವರೆಗೆ" ಎನ್ನುವ ಭಾಗ. ಅದಿಲ್ಲದೆ "ಅಪ್ಪ, ಮಿಡ್ ಕ್ಲೋಸ್, ಲೋ ಆಂಗಲ್" ಎಂದಷ್ಟೇ ಬರೆದ ಪಟ್ಟಿ ಸೆಟ್ಟಿನಲ್ಲಿ ಜಗಳಕ್ಕೆ ಕಾರಣ. ಕ್ಯಾಮೆರಾದವನು ಒಂದು ಮಾತಿಗೆ ಎಂದುಕೊಂಡಿರುತ್ತಾನೆ, ನಿರ್ದೇಶಕಿ ಇಡೀ ದೃಶ್ಯಕ್ಕೆ ಎಂದುಕೊಂಡಿರುತ್ತಾಳೆ. ಸ್ಕ್ರಿಪ್ಟಿನ ಪುಟದ ಮೇಲೆಯೇ ಪ್ರತಿ ಶಾಟ್‌ಗೂ ಮೇಲಿಂದ ಕೆಳಕ್ಕೆ ಒಂದು ಉದ್ದ ಗೆರೆ ಎಳೆಯಿರಿ. ಮಾತಾಡುವವರು ಫ್ರೇಮಿನಲ್ಲಿ ಇರುವಷ್ಟು ದೂರ ನೇರ ಗೆರೆ, ಅವರ ಮಾತು ಕೇಳಿದರೂ ಮುಖ ಫ್ರೇಮಿನಲ್ಲಿ ಇಲ್ಲದಿದ್ದರೆ ಅಂಕುಡೊಂಕು ಗೆರೆ. ದೊಡ್ಡ ಚಿತ್ರಗಳಲ್ಲಿ ಇದನ್ನು ಶೂಟಿಂಗ್ ಆಗುತ್ತಿರುವಾಗ, ಆದದ್ದನ್ನು ದಾಖಲಿಸಲು ಮಾಡುತ್ತಾರೆ. ಸಣ್ಣ ತಂಡ ಮುಂಚೆಯೇ ಮಾಡಿಕೊಂಡರೆ ತೂತು ಎಲ್ಲಿದೆ ಎಂದು ಮನೆಯಲ್ಲೇ ಕಾಣುತ್ತದೆ. ಒಂದೂ ಗೆರೆ ಹಾಯದ ಸಾಲು ಇದ್ದರೆ ಅದಕ್ಕೆ ಶಾಟ್ ಇಲ್ಲ ಎಂದರ್ಥ. ಒಂದು ಗೆರೆ ಮುಗಿದ ಜಾಗದಲ್ಲೇ ಇನ್ನೊಂದು ಶುರುವಾಗಿದ್ದರೆ ಕತ್ತರಿಸಲು ಜಾಗವಿಲ್ಲ. ಒಂದು ಮಾತು ಅಥವಾ ಒಂದು ಚಲನೆಯಷ್ಟಾದರೂ ಗೆರೆಗಳು ಒಂದರ ಮೇಲೊಂದು ಹಾಯಬೇಕು.

ನಮ್ಮ ಪಟ್ಟಿಯಲ್ಲಿ "ನಾಕು ಐತಿ"ಯಿಂದ "ಓದಿಗೆ"ವರೆಗೆ ಮೂರು ಗೆರೆಗಳು ಜೊತೆಗಿವೆ: 7/2, 7/3, 7/4. ಬೇಕೆಂದೇ ಹಾಗೆ. ದೃಶ್ಯದ ಜೀವ ಇರುವುದು ಅಲ್ಲಿ, ಎಡಿಟಿಂಗ್‌ನಲ್ಲಿ ಆಯ್ಕೆ ಬೇಕಾಗುವುದೂ ಅಲ್ಲೇ. ಅಪ್ಪನ ಮಾತಿಗೆ ಅಪ್ಪನ ಮುಖವೋ, ಕೇಳುವ ಮಗಳ ಮುಖವೋ ಎನ್ನುವುದನ್ನು ಇವತ್ತೇ ತೀರ್ಮಾನಿಸಬೇಕಾಗಿಲ್ಲ. ಮೊದಲಿಗೂ ಕೊನೆಗೂ ಒಂದೊಂದೇ ಗೆರೆ ಸಾಕು. ಮಾಸ್ಟರ್ ದಾರಿಯ ಭದ್ರತೆಯನ್ನು ಇಡೀ ದೃಶ್ಯಕ್ಕೆ ಹರಡದೆ ಬೇಕಾದ 20 ಸೆಕೆಂಡಿಗೆ ಮಾತ್ರ ಇಟ್ಟುಕೊಂಡ ಹಾಗೆ.

ಲಕೋಟೆಯ ಇನ್ಸರ್ಟ್ ಬಿಟ್ಟಿದ್ದೇನೆ. ಕಾಗದದಲ್ಲಿ ಏನಿದೆ ಎಂದು ಅವಳೇ ಹೇಳುತ್ತಾಳೆ, ಮತ್ತೆ ತೋರಿಸಿದರೆ ಅದೇ ಸುದ್ದಿ ಎರಡು ಸಲ. ಸಾಲದ ಮೊತ್ತವನ್ನು ಯಾರೂ ಬಾಯಿಬಿಟ್ಟು ಹೇಳದ ದೃಶ್ಯವಾಗಿದ್ದರೆ ಆ ಇನ್ಸರ್ಟೇ ಪಟ್ಟಿಯ ಮೊದಲ ಶಾಟ್ ಆಗುತ್ತಿತ್ತು.

ಆಂಗಲ್ ಎಂದರೆ ಎಷ್ಟು ಅಡಿ

"ಲೋ ಆಂಗಲ್, ಪಾತ್ರ ಬಲಶಾಲಿಯಾಗಿ ಕಾಣಲು" ಎಂದು ಬರೆದ ಪಟ್ಟಿಗಳನ್ನು ನೋಡುತ್ತಿರುತ್ತೇವೆ. ಆ ಸೂತ್ರಕ್ಕಿಂತ ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ ಎಂಬುದರಿಂದ ಹೊರಡುವುದು ಮೇಲು. 7/1ರಲ್ಲಿ ಇಬ್ಬರೂ ನಿಂತಿದ್ದಾರೆ, ನಾವು ಮಗಳ ಜೊತೆ ಇದ್ದೇವೆ, ಅವಳ ಕಣ್ಣಿನ ಮಟ್ಟ ಸಾಕು. 7/5ರಲ್ಲಿ ಅವಳು ಕೂತಿದ್ದಾಳೆ. ಕ್ಯಾಮೆರಾ ಐದಡಿಯಲ್ಲೇ ಉಳಿದರೆ ಅವಳನ್ನು ಮೇಲಿಂದ ನೋಡಿದಂತಾಗಿ ಸೋತವಳಂತೆ ಕಾಣುತ್ತಾಳೆ. ಅವಳು ಸೋತಿಲ್ಲ, ಕೆಲಸಕ್ಕೆ ಕೈ ಹಚ್ಚಿದ್ದಾಳೆ. ಎರಡೂವರೆ ಅಡಿಗೆ ಇಳಿದರೆ ಅವಳಿಗೆ ನಾವು ಸಮ, ನಿಂತ ಅಪ್ಪ ತಾನಾಗಿಯೇ ಎತ್ತರವಾಗಿ ಕಾಣುತ್ತಾನೆ. ಹೀಗೆ ಎತ್ತರವನ್ನು ಅಡಿಯಲ್ಲಿ ಬರೆದರೆ ಟ್ರೈಪಾಡ್ ಹಾಕುವವನಿಗೂ ಪ್ರಶ್ನೆ ಉಳಿಯುವುದಿಲ್ಲ.

7/3ಕ್ಕೆ ನೇರ ಟಾಪ್ ಆಂಗಲ್ ಬಹಳ ಚೆಂದ ಕಾಣುತ್ತದೆ, ನಿಜ. ಆದರೆ ಬಾಣಲೆಯ ನೆತ್ತಿಗೆ ಕ್ಯಾಮೆರಾ ತೂಗಿದರೆ ಬಿಸಿಗಾಳಿ ನೇರ ಮೇಲೆ ಬರುತ್ತದೆ. ಚಿತ್ರ ಅಲುಗುತ್ತದೆ, ಲೆನ್ಸಿಗೆ ಬೂದಿ ಕೂರುತ್ತದೆ, ಕ್ಯಾಮೆರಾ ಕಾದು ತಾನೇ ಆಫ್ ಆಗಬಹುದು. ಪಕ್ಕದಿಂದ, ಹೆಗಲ ಎತ್ತರದಿಂದ 45 ಡಿಗ್ರಿ ಕೆಳಕ್ಕೆ ನೋಡಿದರೆ ಅದೇ ಕಥೆ ಸಿಗುತ್ತದೆ. ಈ ಶಾಟ್‌ನಲ್ಲಿ ಮುಖ ಇಲ್ಲ. ಆದ್ದರಿಂದ ನಟನ ಅಂಗಿ ತೊಡಿಸಿ ಭಟ್ಟಿಯಲ್ಲೇ ಕೆಲಸ ಮಾಡುವವರ ಕೈಯನ್ನೇ ತೆಗೆಯಿರಿ. ಕೈಯ ಲಯಕ್ಕೆ ಲಯ, ಸುಡುವ ಭಯವೂ ಇಲ್ಲ. ಪಟ್ಟಿಯಲ್ಲಿ ಅದನ್ನು ಮುಂಚೆಯೇ ಬರೆದಿಟ್ಟರೆ ಅವರನ್ನು ಆ ಹೊತ್ತಿಗೆ ಕೇಳಿಕೊಳ್ಳಬಹುದು.

7/4ರಲ್ಲಿ ಒಂದು ಎಚ್ಚರ. ಅಪ್ಪನ ಮುಖ ಇನ್ನೂ ಎದುರಿಗೆ ಸಿಗಲಿ ಎಂದು ಕ್ಯಾಮೆರಾವನ್ನು ಒಲೆಯ ಮೂಲೆಗೆ ತಳ್ಳುತ್ತ ಹೋದರೆ ಒಂದು ಹಂತದಲ್ಲಿ ಹಿಂದಿನ ಮಗಳು ಅಪ್ಪನ ಎಡದಿಂದ ಬಲಕ್ಕೆ ಹಾರಿಬಿಡುತ್ತಾಳೆ. ಗೆರೆ ದಾಟಿತು ಎಂದರ್ಥ. ಮಾನಿಟರ್‌ನಲ್ಲಿ ನೋಡಬೇಕಾದದ್ದು ಅಪ್ಪನ ಮುಖವನ್ನಲ್ಲ, ಹಿಂದಿನ ಮಸುಕು ಆಕೃತಿಯನ್ನು. ಅದು ಎಡಕ್ಕೇ ಇರುವವರೆಗೆ ಮುಂದೆ ಹೋಗಿ.

ಕ್ಯಾಮೆರಾ ಅಲುಗಬೇಕೇ?

ಮೂರನೆಯ ದಾರಿಯನ್ನು, ಅಂದರೆ ಒಂದೇ ಟೇಕನ್ನು, ಕಾಗದದ ಮೇಲೆ ಯಾರು ಬೇಡ ಎನ್ನುತ್ತಾರೆ? ಗಿಂಬಲ್ ಹಿಡಿದು ಬಾಗಿಲಿಂದ ಮಗಳ ಹಿಂದೆ ಹೋಗಿ, ಅವಳು ನಿಂತಾಗ ಬಲಕ್ಕೆ ಸುತ್ತಿ, "ನಾಕು ಐತಿ" ಎನ್ನುವ ಹೊತ್ತಿಗೆ ಅಪ್ಪನ ಮುಖಕ್ಕೆ ಬಂದು, ಮತ್ತೆ ಹಿಂದಕ್ಕೆ ಸರಿಯುವುದು. ಒಂದೇ ಸೆಟಪ್. ಕಂಟಿನ್ಯುಟಿಯ ತಲೆನೋವೂ ಇಲ್ಲ.

ಆದರೆ ಕ್ಯಾಮೆರಾ ಎಲ್ಲ ದಿಕ್ಕೂ ನೋಡುವುದರಿಂದ ಲೈಟ್ ಸ್ಟ್ಯಾಂಡ್, ಬೂಮ್, ಮನುಷ್ಯರು ಯಾರಿಗೂ ನಿಲ್ಲಲು ಜಾಗ ಇಲ್ಲ. ಅಕ್ಕಿ ಸರಿಯಾಗಿ ಆ ಮಾತಿಗೇ ಕಂದಬೇಕು. ಮುಂಚೆ ಕಂದಿದರೆ ಟೇಕ್ ಹೋಯಿತು. ಫೋಕಸ್ ಎಳೆಯುವವರಿಲ್ಲ, ಆಟೋಫೋಕಸ್ಸೇ ಗತಿ. ಹೊಗೆಯಲ್ಲಿ, ಬೆಂಕಿಯ ಎದುರು, ಬೆನ್ನು ತಿರುಗಿಸಿದ ಮನುಷ್ಯನ ಮುಖವನ್ನು ಅದು ಹುಡುಕುತ್ತ ಹಿಂದೆ ಮುಂದೆ ಉಸಿರಾಡುತ್ತದೆ. ಇದಕ್ಕೆ ಇರುವ ಪರಿಹಾರ ಅಗಲದ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್ 2.8 ಇಟ್ಟು ಎರಡು ಮೀಟರ್ ದೂರದಿಂದ ತೆಗೆದರೆ 50ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. 24ರಲ್ಲಿ ಸುಮಾರು ನಾಲ್ಕಡಿ. ಅಂದರೆ ಗಿಂಬಲ್ ಹಿಡಿದವರು 24ಕ್ಕೆ ಬರಲೇಬೇಕು. ಬಂದರೆ ಕ್ಲೋಸಪ್ ಕೈತಪ್ಪುತ್ತದೆ, ಏಕೆಂದರೆ 24ರಲ್ಲಿ ಮುಖ ತುಂಬಿಸಲು ಹತ್ತಿರ ಹೋದರೆ ಮೂಗು ಉಬ್ಬಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು: ಕೈ ನಿಲ್ಲುವ ಕ್ಷಣದಲ್ಲಿ ಕ್ಯಾಮೆರಾ ಓಡುತ್ತಿದ್ದರೆ ಕೈ ನಿಂತದ್ದು ಯಾರಿಗೂ ತಟ್ಟುವುದಿಲ್ಲ. ನಿಂತ ಫ್ರೇಮಿನಲ್ಲಿ ಆಡುತ್ತಿದ್ದ ಒಂದೇ ವಸ್ತು ನಿಂತಾಗ ಮಾತ್ರ ಅದು ತಟ್ಟುತ್ತದೆ.

ಅದಕ್ಕೇ ನನ್ನ ಪಟ್ಟಿಯಲ್ಲಿ ಇರುವ ಚಲನೆ ಒಂದೇ ಪ್ಯಾನ್. ಅದೂ ನಡೆಯುವವಳನ್ನು ಹಿಂಬಾಲಿಸಲು. ಗಿಂಬಲ್ ಬಾಡಿಗೆ ಉಳಿಯಿತು. ಅದರಲ್ಲಿ ಪ್ರತಿ ಲೆನ್ಸ್ ಬದಲಾವಣೆಗೂ ಮಾಡಬೇಕಾದ ಬ್ಯಾಲೆನ್ಸಿನ ಹೊತ್ತೂ ಉಳಿಯಿತು. 7/4ನ್ನು ಮಾತ್ರ ಹ್ಯಾಂಡ್‌ಹೆಲ್ಡ್ ತೆಗೆಯೋಣ, ಸಣ್ಣ ಉಸಿರಾಟ ಇರಲಿ ಎಂದು ಯಾರಾದರೂ ವಾದಿಸಿದರೆ ಒಪ್ಪಬಹುದು. ಆದರೆ ಒಂದು ಗೇಣಿನ ಫೋಕಸ್‌ನಲ್ಲಿ ಹಿಡಿದವನೂ ಅಲುಗುತ್ತಾನೆ, ನಟನೂ ಬಾಗುತ್ತಾನೆ. ಎರಡು ಟೇಕ್ ಟ್ರೈಪಾಡ್‌ನಲ್ಲಿ ಭದ್ರ ಮಾಡಿಕೊಂಡು ಆಮೇಲೆ ಅದನ್ನು ಪ್ರಯತ್ನಿಸಿ.

ಒಂದೇ ಟೇಕ್ ಗೆಲ್ಲುವ ಜಾಗಗಳೂ ಇವೆ. ಇದೇ ಅಪ್ಪ ಮಗಳು ಕುಂದವಾಡ ಕೆರೆಯ ದಂಡೆಯ ದಾರಿಯಲ್ಲಿ ನಡೆಯುತ್ತ ಮಾತಾಡುವ ದೃಶ್ಯ ಎಂದುಕೊಳ್ಳಿ. ಬೆಳಕು ಎಲ್ಲ ಕಡೆಯಿಂದ ಸಮ, ಅಡಗಿಸಬೇಕಾದ ಲೈಟ್ ಇಲ್ಲ, ಅಂಗಿಯೊಳಗೆ ಕಾಲರ್ ಮೈಕ್ ಹಾಕಿದರೆ ಬೂಮ್ ಬೇಡ, ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಬರುತ್ತಾರೆ. ಅಲ್ಲಿ ತುಂಡು ತುಂಡಾಗಿ ತೆಗೆದರೆ ಹಿಂದೆ ಓಡಾಡುವ ಜನ ಪ್ರತಿ ಶಾಟ್‌ನಲ್ಲೂ ಬದಲಾಗಿ ಜೋಡಣೆಯೇ ಕಷ್ಟ.

ನಟರು ಯಾರು ಎಂಬುದೂ ಲೆಕ್ಕಕ್ಕೆ ಬರಬೇಕು. ಚಿಂದೋಡಿ ಲೀಲಾ ಅವರ ಊರಾದ ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಯ ನೆರಳಲ್ಲಿ ಬೆಳೆದ ಕಲಾವಿದರು, ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರದಲ್ಲಿ ತಿರುಗಾಡಿದ ನಟರು ಸಿಕ್ಕರೆ ಇಡೀ ದೃಶ್ಯವನ್ನು ತಡೆಯಿಲ್ಲದೆ ನಡೆಸಿಕೊಡುತ್ತಾರೆ. ಉದ್ದ ಟೇಕ್ ಅವರಿಗೆ ಹೊರೆಯಲ್ಲ. 7/4ರಂಥ ತುಂಡಿಗೆ ಮಧ್ಯದಿಂದ ಶುರು ಮಾಡಿ ಎಂದಾಗಲೇ ಅವರಿಗೆ ಕಷ್ಟ. ಅಂಥವರಿಗೆ ಪ್ರತಿ ಶಾಟನ್ನೂ ಹಿಂದಿನ ಎರಡು ಮಾತಿನಿಂದ ಶುರು ಮಾಡಿಸಿ. ಮನೆಯವರನ್ನೋ ಗೆಳೆಯರನ್ನೋ ನಿಲ್ಲಿಸಿಕೊಂಡಿದ್ದರೆ ಉಲ್ಟಾ: ನೆನಪಿಡಬೇಕಾದ ಮಾತು ಕಡಿಮೆ ಇದ್ದಷ್ಟೂ ಮುಖ ಸಡಿಲವಾಗುತ್ತದೆ, ತುಂಡು ಶಾಟೇ ಸರಿ.

ಚಿತ್ರದುರ್ಗದ ಕೋಟೆಯಲ್ಲಿ ದೃಶ್ಯ ಇಟ್ಟವರಿಗೆ ಇನ್ನೊಂದು ಮಾತು. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಚಿತ್ರೀಕರಣಕ್ಕೆ ಮುಂಚೆಯೇ ಅನುಮತಿ ಬೇಕು. ಜಾಗದಿಂದ ಜಾಗಕ್ಕೆ ಕಲ್ಲಿನ ಮೆಟ್ಟಿಲು ಹತ್ತಿ ಸಾಮಾನು ಹೊರಬೇಕಾದ್ದರಿಂದ ಸೆಟಪ್ ಬದಲಾಯಿಸುವ ಬೆಲೆ ಭಟ್ಟಿಗಿಂತ ಬಹಳ ಹೆಚ್ಚು. ಅಲ್ಲಿ ಪಟ್ಟಿಯನ್ನು ಶಾಟ್‌ನಿಂದ ಶುರು ಮಾಡದೆ ಜಾಗದಿಂದ ಶುರು ಮಾಡಿ: ಎರಡು ಜಾಗ ಆರಿಸಿ, ಪ್ರತಿ ಜಾಗದಿಂದ ಲೆನ್ಸ್ ಬದಲಿಸಿ ಏನೇನು ಸಿಗುತ್ತದೆ ಎಂದು ನೋಡಿ. ಗಾಳಿಯಿಂದಾಗಿ ಮಾತು ಕಡಿಮೆ ಇರುವ ದೃಶ್ಯವೇ ಅಲ್ಲಿಗೆ ಕ್ಷೇಮ.

ತೆಗೆಯುವ ಕ್ರಮ

ಬರೆದ ಕ್ರಮ ಬೇರೆ, ತೆಗೆಯುವ ಕ್ರಮ ಬೇರೆ. ಭಟ್ಟಿಯಲ್ಲಿ ಬಾಗಿಲ ಬೆಳಕು ಬೇಗ ಬದಲಾಗುತ್ತದೆ, ಹಾಗಾಗಿ ಬಾಗಿಲ ಕಡೆಯವು ಮೊದಲು: 7/1, ಆಮೇಲೆ ಅಲ್ಲಿಂದಲೇ 7/5. ಕೊನೆಯ ಶಾಟನ್ನು ಎರಡನೆಯದಾಗಿ ತೆಗೆಯುವುದು ನಟರಿಗೆ ಕಷ್ಟ ಎನ್ನಬಹುದು. 7/5ರಲ್ಲಿ ಮಾತಿಲ್ಲ, ಕೆಲಸ ಮಾತ್ರ ಇದೆ, ಅದಕ್ಕೇ ಧೈರ್ಯ ಮಾಡಬಹುದು. ಅಪ್ಪನ ಉತ್ತರ ಅಲ್ಲೇ ಇದ್ದಿದ್ದರೆ ಕೊನೆಗೇ ಇಡಬೇಕಾಗುತ್ತಿತ್ತು. ಅಪ್ಪನ ಬೆವರು ಮಾತ್ರ ನೆನಪಿಡಿ. 7/5ಕ್ಕೆ ಬೆನ್ನಿಗೆ ನೀರು ಚಿಮುಕಿಸಿ, ಒಂದು ಫೋಟೋ ತೆಗೆದಿಟ್ಟು, 7/4ರ ಕೊನೆಗೆ ಅದೇ ಬೆವರು ಇರುವಂತೆ ನೋಡಿಕೊಳ್ಳಿ. ಆಮೇಲೆ ಬಲಗೋಡೆಯಿಂದ 7/2, ಒಲೆಯ ಕಡೆಯಿಂದ 7/4, ಎಲ್ಲ ಮುಗಿದ ಮೇಲೆ 7/3. ನಾಲ್ಕು ಜಾಗ, ಎರಡೂವರೆ ಗಂಟೆಯ ಒಳಗೆ. ಮಾತಿನ ಶಾಟ್‌ಗಳಿಗೆ ಬೆಂಕಿ ತಗ್ಗಿಸಿ, ಬ್ಲೋವರ್ ಇದ್ದರೆ ನಿಲ್ಲಿಸಿ, ಹುರಿಯುವ ಸದ್ದನ್ನು ಕೊನೆಗೆ ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಟ್ಯೂಬ್‌ಲೈಟ್ ಆರಿಸಲು ಆಗದಿದ್ದರೆ ಶಟರ್ 1/50ರಲ್ಲಿಡಿ, ಮಿನುಗು ಬಹುಮಟ್ಟಿಗೆ ತಪ್ಪುತ್ತದೆ.

ಶೂಟಿಂಗ್‌ಗೆ ಮುಂಚೆ ಭಟ್ಟಿಗೆ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿ, ಐದೂ ಶಾಟ್‌ಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಗ್ಯಾಲರಿಯಲ್ಲಿ ಒಂದೊಂದಾಗಿ ಸರಿಸಿ ನೋಡಿ. ಎರಡು ಫೋಟೋಗಳ ನಡುವೆ ಮನುಷ್ಯ ಜಿಗಿದಂತೆ ಕಂಡರೆ ಸೈಜು ತೀರಾ ಹತ್ತಿರಹತ್ತಿರ ಇದೆ ಅಥವಾ ಕ್ಯಾಮೆರಾ 30 ಡಿಗ್ರಿಯಷ್ಟೂ ಸರಿದಿಲ್ಲ. ಮಿಡ್ ಶಾಟಿನಿಂದ ಮಿಡ್ ಕ್ಲೋಸಿಗೆ ಅದೇ ದಿಕ್ಕಿನಿಂದ ಹೋದರೆ ಹೀಗಾಗುತ್ತದೆ. ಮಗಳು ಒಂದು ಫೋಟೋದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ನೋಡುತ್ತಿದ್ದರೆ ಗೆರೆ ದಾಟಿದೆ. ಎರಡನ್ನೂ ಅಲ್ಲೇ ನಿಂತು ಸರಿಮಾಡಿಕೊಳ್ಳಬಹುದು.

ಕೊನೆಯ ಕಾಲಮ್ಮಿನಲ್ಲಿ ಪ್ರತಿ ಶಾಟ್‌ಗೂ "ಬೇಕೇ ಬೇಕು" ಅಥವಾ "ಹೊತ್ತಿದ್ದರೆ" ಎಂದು ಬರೆಯಿರಿ. ಒಲೆ ಹೊತ್ತಿಕೊಳ್ಳಲು ತಡವಾಗಿ ಒಂದು ಗಂಟೆ ಹೋಯಿತು ಎಂದರೆ ಏನು ಬಿಡಬೇಕು ಎಂಬ ಚರ್ಚೆ ಅಲ್ಲಿ ನಡೆಯಬಾರದು. ನಮ್ಮ ಐದರಲ್ಲಿ ಬಿಡಬಹುದಾದದ್ದು 7/2. ಅಪ್ಪನ ಹಿಂದೆ ಮಗಳು ಮಸುಕಾಗಿ ಇದ್ದೇ ಇದ್ದಾಳೆ, 7/4ರ ಒಂದು ಟೇಕಿನಲ್ಲಿ ಫೋಕಸ್ಸನ್ನು ಅವಳ ಮೇಲೇ ಇಟ್ಟು ತೆಗೆದರೆ ಅವಳ ಮಾತೂ ಸಿಗುತ್ತದೆ, ಅಪ್ಪನ ಮಾತು ಕೇಳುವಾಗಿನ ಅವಳ ಮುಖವೂ ಸಿಗುತ್ತದೆ. ಬಿಡಬಾರದ್ದು 7/3. ಅದಕ್ಕೆ ಬೇಕಿರುವುದು ಒಬ್ಬರ ಕೈ, ಎರಡು ಹಿಡಿ ಅಕ್ಕಿ, ಹತ್ತು ನಿಮಿಷ.